ಹತ್ತನೇ ತರಗತಿಯ ನನ್ನ ಮಕ್ಕಳಿಗೆ

ಪ್ರೀತಿಯ ಮಕ್ಕಳೇ,

ಈ ತಿಂಗಳ ಕೊನೆಗೆ ನನಗೆ ನಿವೃತ್ತಿ. ಅರವತ್ತು ತುಂಬಿತು. ಬೀಳ್ಕೊಡುಗೆ ದಿನ ಮೈಕ್ ಮುಂದೆ ನಿಂತಾಗ ಗಂಟಲು ಕಟ್ಟಿ, ಹೇಳಬೇಕಾದ್ದು ಹೇಳಲಾಗಲಿಲ್ಲ. ಅದಕ್ಕೇ ಈ ಪತ್ರ. ನೀವು ನನ್ನ ಕೊನೆಯ ಬ್ಯಾಚು. ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ನಿಮ್ಮ ಉತ್ತರ ಪತ್ರಿಕೆ ತಿದ್ದುವಾಗ ನಾನು ಏನು ಹುಡುಕುತ್ತಿದ್ದೆ ಗೊತ್ತಾ? ಗೈಡಿನಲ್ಲಿ ಇಲ್ಲದ ಒಂದು ವಾಕ್ಯ. ನಲವತ್ತು ಪತ್ರಿಕೆಗಳಲ್ಲಿ ಒಂದೇ ಉತ್ತರ ಓದಿ ಓದಿ ಕಣ್ಣು ಸೋತಿರುತ್ತಿತ್ತು. ಅಂಥ ಹೊತ್ತಿನಲ್ಲಿ ಯಾರದೋ ಒಂದು ಸ್ವಂತ ವಾಕ್ಯ ಸಿಕ್ಕರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳುತ್ತಿದ್ದೆ.

ಕುಮಾರವ್ಯಾಸನ ಪದ್ಯ ಮಾಡಿದ ವಾರ ನೆನಪಿದೆಯಲ್ವಾ? ಕೃಷ್ಣ ಕರ್ಣನನ್ನು ಪಕ್ಕಕ್ಕೆ ಕರೆದು ಜನ್ಮದ ಗುಟ್ಟು ಹೇಳುವ ಭಾಗ. ಭಾಮಿನಿಯ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯನ್ನು ಬೆಂಚು ತಟ್ಟಿ ಎಣಿಸಿದಿರಿ. ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಎದ್ದು ಬಂದರು! ಕರ್ಣ ಪಾಂಡವರ ಕಡೆ ಹೋಗಬೇಕಿತ್ತೋ ಬೇಡವೋ ಅಂತ ಎರಡು ದಿನ ಜಗಳ ಆಡಿದಿರಿ. ಆಮೇಲೆ ಕಿರುಪರೀಕ್ಷೆಯಲ್ಲಿ, ಮೂರನೇ ಬೆಂಚಿನ ಮೂಲೆಯಲ್ಲಿ ಮಾತೇ ಆಡದೆ ಕೂರುವ ಹುಡುಗ ಹೀಗೆ ಬರೆದಿದ್ದ: "ಕರ್ಣನಿಗೆ ಆ ದಿನ ಅಮ್ಮ ಯಾರು ಅಂತ ಗೊತ್ತಾಯಿತು. ಆದರೆ ಓಡಿ ಹೋಗಿ ಅವಳನ್ನು ನೋಡುವ ಹಾಗಿರಲಿಲ್ಲ." ಆ ಎರಡು ವಾಕ್ಯಕ್ಕೆ ಎಷ್ಟು ಅಂಕ ಕೊಟ್ಟರೂ ಕಡಿಮೆಯೇ. ಪದ್ಯ ಅವನಿಗೆ ಅರ್ಥವಾಗಿತ್ತು. ಪದದ ಅರ್ಥ ಬಾಯಿಪಾಠ ಮಾಡಿದವರಿಗಿಂತ ಚೆನ್ನಾಗಿ ಅರ್ಥವಾಗಿತ್ತು.

ಇನ್ನೊಬ್ಬಳು ಗೋಡೆ ಪತ್ರಿಕೆಗೆ ಅಜ್ಜಿಯ ಬೀಸುವ ಪದ ಬರೆದು ತಂದಳು. "ಇದು ಪಾಠದಲ್ಲಿ ಇಲ್ಲ ಮಿಸ್, ಹಾಕಬಹುದಾ?" ಅಂತ ಹೆದರುತ್ತಾ ಕೇಳಿದಳು. ನೋಡಿದರೆ ಅಚ್ಚ ತ್ರಿಪದಿ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ ಅಂತ ಹೇಳಿದ್ದೆನಲ್ಲ, ಅದರಲ್ಲೂ ತ್ರಿಪದಿಯೇ ಇರುವುದು. ಸುಮಾರು 1300 ವರ್ಷ ಹಳೆಯದು. ಕಲ್ಲಿನ ಮೇಲೆ ಕೆತ್ತಿದ ಆ ಮಟ್ಟು, ಓದು ಬರಹ ಬಾರದ ಅಜ್ಜಿಯ ಬಾಯಲ್ಲಿ ಉಳಿದುಕೊಂಡಿದೆ. ಮಕ್ಕಳೇ, ನಿಮ್ಮ ಮನೆಗಳಲ್ಲಿ ಹಾಡು ಬರುವ ಹಿರಿಯರು ಇದ್ದರೆ ಈ ರಜೆಯಲ್ಲೇ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಅಂತ ಮುಂದೂಡಬೇಡಿ. ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದಿಡಿ.

ನಿಮ್ಮಲ್ಲಿ ಕೆಲವರ ಮನೆಮಾತು ಕನ್ನಡವಲ್ಲ. ಉರ್ದು, ಲಂಬಾಣಿ, ತೆಲುಗು ಆಡುತ್ತಾ ಬೆಳೆದವರು ನೀವು. ಒಳ್ಳೆಯ ಕನ್ನಡ ಅಂದರೆ ಪುಸ್ತಕದ ಕನ್ನಡ ಅಂತ ಅಂದುಕೊಂಡು ಮೊದಮೊದಲು ಬಾಯಿ ಬಿಡುತ್ತಲೇ ಇರಲಿಲ್ಲ. ಈಗ ಚರ್ಚಾ ಸ್ಪರ್ಧೆಯಲ್ಲಿ ನಿಮ್ಮನ್ನು ತಡೆಯುವುದೇ ಕಷ್ಟ! ಯಾರಾದರೂ ನಿಮ್ಮ ಉಚ್ಚಾರಣೆ ಕೇಳಿ ನಕ್ಕರೆ ಮಾತು ನಿಲ್ಲಿಸಬೇಡಿ. ಕನ್ನಡ ನಿಮ್ಮದು ಕೂಡ.

ಪಿಯುಸಿಗೆ ಹೋಗುವವರು ಭಾಷೆ ಆರಿಸುವಾಗ, ಅಂಕ ಜಾಸ್ತಿ ಬರುತ್ತದೆ ಅಂತ ಸುಮ್ನೆ ಬೇರೆ ಭಾಷೆ ತಗೊಳ್ಳಬೇಡಿ. ಸ್ವಲ್ಪ ಯೋಚಿಸಿ. ಐಟಿಐ, ಡಿಪ್ಲೊಮಾ ಸೇರುವವರಿಗೆ, ಓದು ನಿಲ್ಲಿಸಿ ಕೆಲಸಕ್ಕೆ ಹೋಗಲೇಬೇಕಾದವರಿಗೆ ಕನ್ನಡದ ತರಗತಿ ಸಿಗದೆ ಹೋಗಬಹುದು. ನೀವು ಊರಿನ ಗ್ರಂಥಾಲಯದ ಸದಸ್ಯರಾಗಿ. ತಿಂಗಳಿಗೆ ಒಂದು ಪುಸ್ತಕ ಸಾಕು. ಅದರ ಬಗ್ಗೆ ನಾಲ್ಕು ಸಾಲು ಬರೆಯಿರಿ, ಯಾರಿಗೂ ತೋರಿಸದಿದ್ದರೂ ಪರವಾಗಿಲ್ಲ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ವರ್ಷವಿಡೀ ಅದೇ ಆಯಿತು. ಮೊದಲ ಹದಿನೈದು ನಿಮಿಷ ಪ್ರಶ್ನೆಪತ್ರಿಕೆ ಓದಲಿಕ್ಕೇ ಕೊಟ್ಟಿರುವುದು, ಪೂರ್ತಿ ಓದಿ. ಪ್ರಬಂಧವನ್ನು ಕೊನೆಗೆ ಉಳಿಸಿಕೊಂಡು ಗಡಿಬಿಡಿ ಮಾಡಬೇಡಿ. ಕನ್ನಡದಲ್ಲಿ ಫೇಲಾಗುತ್ತೇನೆ ಅಂತ ಅಳುತ್ತಾ ಬಂದಿದ್ದ ಮೂವರಿಗೂ ಒಂದು ಮಾತು: ನಿಮ್ಮ ಕಳೆದ ತಿಂಗಳ ಪತ್ರಲೇಖನ ನೋಡಿದ್ದೇನೆ. ನೀವು ಪಾಸಾಗುತ್ತೀರಿ. ಧೈರ್ಯವಾಗಿ ಹೋಗಿ.

ತರಗತಿಯ ಕಪಾಟಿನ ಪುಸ್ತಕಗಳು ನನ್ನವು. ಅವನ್ನು ಮನೆಗೆ ಒಯ್ಯುವುದಿಲ್ಲ, ಒಂಬತ್ತನೆಯವರಿಗೆ ಬಿಟ್ಟಿದ್ದೇನೆ. ನಿಮ್ಮ ಹತ್ತಿರ ಇರುವ ಪುಸ್ತಕಗಳನ್ನು ಕೊನೆಯ ಪರೀಕ್ಷೆಯ ದಿನ ತಂದಿಟ್ಟುಬಿಡಿ.

ರಿಸಲ್ಟ್ ಬಂದ ಮೇಲೆ ನನಗೊಂದು ಪತ್ರ ಬರೆಯಿರಿ. ಮೆಸೇಜ್ ಬೇಡ, ಪತ್ರ. ನನ್ನ ಮನೆಯ ವಿಳಾಸವನ್ನು ಕ್ಲಾಸ್ ಲೀಡರ್ ಹತ್ತಿರ ಕೊಟ್ಟಿದ್ದೇನೆ. ಅಂಕ ಎಷ್ಟು ಬಂತು ಅನ್ನುವುದು ಒಂದೇ ಸಾಲಿನಲ್ಲಿ ಮುಗಿಯಲಿ. ಯಾವ ಕಾಲೇಜು, ಯಾರು ಹೊಸ ಗೆಳೆಯರು, ಏನು ಓದುತ್ತಿದ್ದೀರಿ, ಅದನ್ನೆಲ್ಲ ವಿವರವಾಗಿ ಬರೆಯಿರಿ. ಕಾಗುಣಿತ ತಪ್ಪಿದ್ದರೂ ಕೆಂಪು ಪೆನ್ನು ಹಿಡಿಯುವುದಿಲ್ಲ. ಎಲ್ಲರಿಗೂ ಉತ್ತರ ಬರೆಯುತ್ತೇನೆ.

ನಿಮ್ಮ ಪ್ರೀತಿಯ
ಕನ್ನಡ ಮಿಸ್