0.9 ವೋಲ್ಟ್

ಪ್ರಾತ್ಯಕ್ಷಿಕೆಗೆ ಒಂದೇ ದಿನ ಉಳಿದಿತ್ತು. ಕೋಲಾರದ ಪಾಲಿಟೆಕ್ನಿಕ್ ಒಂದರ ಪ್ರಯೋಗಾಲಯದಲ್ಲಿ ಭವ್ಯ, ತಾನೇ ಫೆರಿಕ್ ಕ್ಲೋರೈಡ್‌ನಲ್ಲಿ ಎಚ್ಚಿಂಗ್ ಮಾಡಿ, ತಾನೇ ಬೆಸುಗೆ ಹಾಕಿದ್ದ ಮೊದಲ ಬೋರ್ಡಿಗೆ ಕರೆಂಟ್ ಕೊಟ್ಟಾಗ ಪಂಪನ್ನು ಓಡಿಸುವ ಸ್ವಿಚ್ಚಾದ ರಿಲೇ ಒಮ್ಮೆ ಎಳೆದುಕೊಂಡು ನಿಲ್ಲುವ ಬದಲು ಟಕಟಕನೆ ಬಡಿದುಕೊಳ್ಳತೊಡಗಿತು. ಅಪ್ಪನ ಟೊಮೆಟೊ ತೋಟದಲ್ಲಿ ಮಣ್ಣಿನ ತೇವ ಇಳಿದಾಗ ಮಾತ್ರ ಹನಿ ನೀರಾವರಿಯ ಪಂಪು ಓಡಬೇಕು, ಅಷ್ಟು ಆಳದ ಕೊಳವೆಬಾವಿಯಿಂದ ಎತ್ತಿದ ನೀರು ಪೋಲಾಗಬಾರದು ಎಂದು ಆಕೆ ರೂಪಿಸಿದ್ದ ಬೋರ್ಡು ಅದು. ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡಿನ ಮೇಲೆ ಇದೇ ಸರ್ಕ್ಯೂಟ್ ಸರಿಯಾಗಿಯೇ ನಡೆದಿತ್ತು.

ಗಾಬರಿಯಲ್ಲಿ ಪ್ರೋಗ್ರಾಮ್ ತಿದ್ದಿದಳು, ಟ್ರಾನ್ಸಿಸ್ಟರ್ ಬದಲಿಸಿದಳು, ಸೆನ್ಸರನ್ನೂ ಬದಲಿಸಿದಳು. ಸದ್ದು ನಿಲ್ಲಲಿಲ್ಲ.

"ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿತ್ತು ಅಂತ ಹೇಗಮ್ಮಾ ಗೊತ್ತಾಗುತ್ತೆ?" ಎಂದರು ಪ್ರಯೋಗಾಲಯದ ಮೇಷ್ಟ್ರು. "ಅಳತೆ ಮಾಡು, ಬರೆದುಕೋ. ಆಮೇಲೆ ಕೈ ಹಾಕು."

"ಸರ್, ರಿಲೇ ಹೀಗೆ ಬಡಿಯುವಾಗ ಮೀಟರ್ ಒಂದು ಕಡೆ ನಿಲ್ಲುವುದಿಲ್ಲ."

"ಹಾಗಾದರೆ ಅದು ಬಡಿಯದ ಹಾಗೆ ಮಾಡಿ ಅಳೆ."

ಈ ಮಾತು ಆಕೆಗೆ ದಾರಿ ತೋರಿಸಿತು. ಪ್ರೋಗ್ರಾಮ್ ನಡೆಸುವ ಎಟಿಮೆಗಾ 328 ಚಿಪ್ಪನ್ನು ಸಾಕೆಟ್‌ನಿಂದ ತೆಗೆದು, ಟ್ರಾನ್ಸಿಸ್ಟರ್‌ನ ಬೇಸ್ ರೆಸಿಸ್ಟರಿಗೆ ತಂತಿಯೊಂದರಿಂದ ನೇರವಾಗಿ 5 ವೋಲ್ಟ್ ಕೊಟ್ಟಳು. ರಿಲೇ ಎಳೆದುಕೊಂಡು ನಿಂತಿತು. ಬೋರ್ಡಿಗೆ 5 ವೋಲ್ಟ್ ಒದಗಿಸುವ 7805 ರೆಗ್ಯುಲೇಟರಿನ ಕಾಲುಗಳಲ್ಲಿ 5.0 ವೋಲ್ಟ್ ಇತ್ತು, ಚಿಪ್ಪಿಗೆ ಕರೆಂಟ್ ತಲುಪುವ ಸಾಕೆಟ್ಟಿನ 7 ಮತ್ತು 8ನೆಯ ಕಾಲುಗಳ ನಡುವೆ ಮಾತ್ರ 4.1. ವೋಲ್ಟೇಜ್ 4.3ಕ್ಕಿಂತ ಇಳಿದರೆ ಚಿಪ್ಪು ರೀಸೆಟ್ ಆಗುವಂತೆ ಆಕೆಯೇ ಹೊಂದಿಸಿದ್ದಳು. ರಿಲೇ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಚಿಪ್ಪು ರೀಸೆಟ್ ಆಗುತ್ತದೆ, ರಿಲೇ ಬಿಟ್ಟೊಡನೆ ವೋಲ್ಟೇಜ್ ಮರಳಿ ಏರಿ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಪ್ರೋಗ್ರಾಮಿನಲ್ಲಿ ಯಾವ ದೋಷವೂ ಇರಲಿಲ್ಲ.

ಕಳೆದುಹೋದ 0.9 ವೋಲ್ಟ್ ಎಲ್ಲಿ? ರೆಗ್ಯುಲೇಟರಿನ ಪಾಸಿಟಿವ್‌ನಿಂದ ಸಾಕೆಟ್ಟಿನ ಪಾಸಿಟಿವ್‌ಗೆ ಅಳೆದಾಗ ಸೊನ್ನೆ ಬಂತು. ಕರೆಂಟ್ ಮರಳುವ ದಾರಿಯಾದ ಗ್ರೌಂಡಿನಲ್ಲಿ, ಗ್ರೌಂಡಿನಿಂದ ಗ್ರೌಂಡಿಗೆ ಅಳೆದಾಗ, ಸೊನ್ನೆ ಇರಬೇಕಾದಲ್ಲಿ 0.9. ಆ ಎರಡು ಗ್ರೌಂಡುಗಳನ್ನು ಸೇರಿಸುತ್ತಿದ್ದುದು ಒಂದು ಜಂಪರ್ ತಂತಿ. ಭೂತಗನ್ನಡಿ ಹಿಡಿದು ನೋಡಿದಳು: ಉಳಿದ ಬೆಸುಗೆಗಳು ಹೊಳೆಯುತ್ತಿದ್ದರೆ ಇದೊಂದು ಮಂಕು ಬೂದು ಬಣ್ಣಕ್ಕೆ ತಿರುಗಿತ್ತು, ತಂತಿಯ ಸುತ್ತ ಕೂದಲೆಳೆಯಷ್ಟು ಕಪ್ಪು ಬಳೆ, ಚಿಮಟದಿಂದ ಮುಟ್ಟಿದರೆ ತಂತಿ ಅಲುಗುತ್ತಿತ್ತು. ಸರಿಯಾಗಿ ಅಂಟದ ಬೆಸುಗೆ, ಡ್ರೈ ಸೋಲ್ಡರ್. ಚಿಪ್ಪೊಂದೇ ಎಳೆಯುವ ಅಲ್ಪ ಕರೆಂಟಿಗೆ ಆ ಜೋಡಣೆ ಸಾಕಾಗಿತ್ತು. ರಿಲೇ ಕಾಯಿಲಿನ ಕರೆಂಟಿಗೆ ಸಾಲದಾಗಿತ್ತು.

ಕೈ ಸೋಲ್ಡರಿಂಗ್ ಐರನ್‌ನತ್ತ ಹೋಯಿತು. ಆದರೆ ಮೊದಲು ಅಳತೆಗಳನ್ನು ಪುಸ್ತಕದಲ್ಲಿ ಬರೆದಳು, ಹಳೆಯ ಪ್ರೋಗ್ರಾಮನ್ನೂ ಹಳೆಯ ಸೆನ್ಸರನ್ನೂ ಮರಳಿ ಹಾಕಿದಳು. ಬಳಿಕವಷ್ಟೇ ಫ್ಲಕ್ಸ್ ಸವರಿ ಆ ಬೆಸುಗೆಯನ್ನು ಮತ್ತೆ ಕರಗಿಸಿದಳು. 0.9 ಇದ್ದಲ್ಲಿ ಮೀಟರ್ ಕೆಲವೇ ಮಿಲಿವೋಲ್ಟ್ ತೋರಿಸಿತು.

ಮರುದಿನ ಒಣಮಣ್ಣಿನ ಕುಂಡದಲ್ಲಿ ಸೆನ್ಸರ್ ನೆಟ್ಟೊಡನೆ ರಿಲೇ ಒಮ್ಮೆ ಸದ್ದು ಮಾಡಿ ಪುಟ್ಟ ಪಂಪು ನೀರು ಸುರಿಯಿತು. "ಬ್ರೆಡ್‌ಬೋರ್ಡಿನಿಂದ ಪಿಸಿಬಿಗೆ ಬಂದಾಗ ಏನಾದರೂ ತೊಂದರೆ ಆಯಿತೇ?" ಎಂದು ಪರೀಕ್ಷಕರು ಕೇಳಿದರು. ಭವ್ಯ ಅಳತೆಗಳ ಪುಟ ತೆರೆದು, ಗ್ರೌಂಡಿನ ದಾರಿಯಿಂದಲೇ ವಿವರಿಸಲು ಆರಂಭಿಸಿದಳು.