ಕಂಪ್ಯೂಟರ್ ಕೊಠಡಿಗೆ ಯುಪಿಎಸ್ ಮತ್ತು ಬ್ಯಾಟರಿ: ಮೂರು ಕೊಟೇಶನ್‌ಗಳ ತುಲನಾ ತಖ್ತೆ ಮತ್ತು ಶಿಫಾರಸು ಟಿಪ್ಪಣಿ

ದಿನಾಂಕ: 06-05-2026

ಇವರಿಗೆ: ಅಧ್ಯಕ್ಷರು ಮತ್ತು ಸದಸ್ಯರು, ಖರೀದಿ ಸಮಿತಿ
ಇವರಿಂದ: ಕಂಪ್ಯೂಟರ್ ಶಿಕ್ಷಕಿ, ಸಮಿತಿಯ ಕಾರ್ಯದರ್ಶಿ
ಸಭೆ: 09-05-2026, ಶನಿವಾರ, ಬೆಳಗ್ಗೆ 11 ಗಂಟೆ, ಮುಖ್ಯೋಪಾಧ್ಯಾಯರ ಕೊಠಡಿ

ಯಾಕೆ ಬೇಕು

ನಮ್ಮ ಊರಿನಲ್ಲಿ ಮಳೆಗಾಲ ಶುರುವಾದರೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳಲಾಗದು. ಒಂದು ಕೊಂಬೆ ಲೈನ್ ಮೇಲೆ ಬಿದ್ದರೆ ಆ ದಿನದ ಕಥೆ ಮುಗಿಯಿತು. ಕಳೆದ ಜುಲೈನಲ್ಲಿ 22 ಲ್ಯಾಬ್ ಪಿರಿಯಡ್‌ಗಳ ಪೈಕಿ 9 ಕರೆಂಟ್ ಇಲ್ಲದೆ ಹಾಳಾದವು. ಇದು ಲ್ಯಾಬ್ ರಿಜಿಸ್ಟರ್‌ನಲ್ಲಿದೆ. ಮಕ್ಕಳು ಆಫ್ ಆದ ಮಾನಿಟರ್ ಮುಂದೆ ಕೂತು ಬೋರ್ಡ್ ನೋಡಿ ಬರೆದುಕೊಂಡರು. ಹಳೆಯ ಯುಪಿಎಸ್ ಈಗ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಅದರ ನಾಲ್ಕು ಬ್ಯಾಟರಿಗಳಲ್ಲಿ ಒಂದು ಉಬ್ಬಿದೆ.

ನಮಗೆ ಬೇಕಿರುವುದು ಒಟ್ಟಿಗೆ ಎರಡು ಗಂಟೆ, ಅಂದರೆ ಮೂರು ಪಿರಿಯಡ್. ಹತ್ತು ಕಂಪ್ಯೂಟರ್, ಒಂದು ಪ್ರೊಜೆಕ್ಟರ್, ದೀಪಗಳು ಸೇರಿ ಲೋಡ್ ಸುಮಾರು 1,450 ವ್ಯಾಟ್ ಆಗುತ್ತದೆ. ಹಾಗಾಗಿ ಏಪ್ರಿಲ್ 16ರ ಪತ್ರದಲ್ಲಿ ಹೀಗೆ ಕೇಳಿದ್ದೆವು: 3.5 ಕೆವಿಎ ಸೈನ್ ವೇವ್ ಯುಪಿಎಸ್, 150 ಎಎಚ್‌ನ ನಾಲ್ಕು ಟ್ಯೂಬುಲರ್ ಬ್ಯಾಟರಿ, ಬ್ಯಾಟರಿಗೆ ಕಡಿಮೆ ಎಂದರೂ 36 ತಿಂಗಳು ಪೂರ್ತಿ ಬದಲಿಸಿಕೊಡುವ ವಾರಂಟಿ, ಹಳೆಯ ಬ್ಯಾಟರಿಗಳ ವಾಪಸ್ ಬೆಲೆ.

ಏಪ್ರಿಲ್ 30ರ ಒಳಗೆ ಮೂರು ಮುಚ್ಚಿದ ಕವರ್ ಬಂದವು. ಮೇ 2ರಂದು ಮುಖ್ಯೋಪಾಧ್ಯಾಯರು ಮತ್ತು ಇಬ್ಬರು ಸದಸ್ಯರ ಮುಂದೆ ತೆರೆದು, ಪ್ರತಿ ಹಾಳೆಗೂ ಸಹಿ ಹಾಕಿದ್ದೇವೆ. ಮೂಲ ಪ್ರತಿಗಳು ಫೈಲಿನಲ್ಲಿವೆ. ಈ ಟಿಪ್ಪಣಿಯಲ್ಲಿ ಅಂಗಡಿಗಳನ್ನು ಊರಿನ ಹೆಸರಿನಿಂದ ಕರೆದಿದ್ದೇನೆ.

ತುಲನಾ ತಖ್ತೆ (ಮೊತ್ತ ರೂಪಾಯಿಗಳಲ್ಲಿ)

| ವಿವರ | ಶಿವಮೊಗ್ಗ | ಸಾಗರ | ಹುಬ್ಬಳ್ಳಿ |
|---|---|---|---|
| ಯುಪಿಎಸ್ 3.5 ಕೆವಿಎ | 27,500 | 28,800 | 26,000 |
| ಬ್ಯಾಟರಿ, ಒಂದಕ್ಕೆ | 14,200 | 14,600 | 11,900 |
| ನಾಲ್ಕು ಬ್ಯಾಟರಿಗೆ | 56,800 | 58,400 | 47,600 |
| ಸ್ಟ್ಯಾಂಡ್, ಕೇಬಲ್ | 4,200 | 4,000 | 3,800 |
| ಜೋಡಣೆ, ವೈರಿಂಗ್ | 3,500 | 2,000 | 2,600 |
| ಸಾಗಣೆ | ಇಲ್ಲ | ಇಲ್ಲ | 3,000 |
| ಮೊತ್ತ | 92,000 | 93,200 | 83,000 |
| ಜಿಎಸ್‌ಟಿ 18% | 16,560 | 16,776 | 14,940 |
| ಒಟ್ಟು ಬಿಲ್ | 1,08,560 | 1,09,976 | 97,940 |
| ಹಳೆಯ 4 ಬ್ಯಾಟರಿಗೆ ಕೊಡುವುದು | 10,000 | 12,400 | 7,200 |
| ನಮ್ಮ ಕೈಯಿಂದ ಹೋಗುವುದು | 98,560 | 97,576 | 90,740 |
| ಬ್ಯಾಟರಿ ಸಾಮರ್ಥ್ಯ | 150 ಎಎಚ್ | 150 ಎಎಚ್ | 120 ಎಎಚ್ |
| ಪೂರ್ತಿ ಬದಲಿ ವಾರಂಟಿ | 36 ತಿಂಗಳು, ನಂತರ 24 ತಿಂಗಳು ರಿಯಾಯಿತಿ | 48 ತಿಂಗಳು | 24 ತಿಂಗಳು |
| ಹಣ ಪಾವತಿ | ಅರ್ಧ ಮುಂಗಡ | ಜೋಡಿಸಿದ 15 ದಿನದೊಳಗೆ | ಡೆಲಿವರಿ ದಿನ ಪೂರ್ತಿ |
| ದೂರು ಕೊಟ್ಟರೆ ಬರುವುದು | 3 ದಿನದಲ್ಲಿ | ಮರುದಿನ | 7 ದಿನದಲ್ಲಿ |
| ದರ ಚಾಲ್ತಿ | ಜೂನ್ 30ರವರೆಗೆ | ಮೇ 31ರವರೆಗೆ | ಜೂನ್ 30ರವರೆಗೆ |

ಕೂಡಿಸಿದ ಲೆಕ್ಕವನ್ನು ಕಚೇರಿಯ ಗುಮಾಸ್ತರು ಇನ್ನೊಮ್ಮೆ ತಾಳೆ ನೋಡಿದ್ದಾರೆ.

ಹುಬ್ಬಳ್ಳಿಯ ದರ ಕಡಿಮೆ ಇದ್ದರೂ ಯಾಕೆ ಬೇಡ

ಸದಸ್ಯರು ಮೊದಲು ಕೇಳುವುದು ಇದನ್ನೇ, ಅಲ್ವಾ? ಅವರ ದರ ಸಾಗರದವರಿಗಿಂತ 6,836 ರೂಪಾಯಿ ಕಡಿಮೆ. ಸಣ್ಣ ಮೊತ್ತವಲ್ಲ. ಆದರೆ ನಾವು ಕೇಳಿದ್ದು 150 ಎಎಚ್, ಅವರು ಬರೆದಿರುವುದು 120. ಒಂದು ಎಎಚ್‌ಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿದೆ. ಹುಬ್ಬಳ್ಳಿಯ ಬ್ಯಾಟರಿ ಸುಮಾರು 99 ರೂಪಾಯಿ, ಸಾಗರದ್ದು 97, ಶಿವಮೊಗ್ಗದ್ದು 95. ಅಂದರೆ ಕಡಿಮೆ ಕೊಟ್ಟು ಕಡಿಮೆ ತಗೊಂಡಂತೆ. ನಿಜವಾಗಿ ಅಗ್ಗ ಅಲ್ಲ.

120 ಎಎಚ್ ಹೊಸದರಲ್ಲಿ ನಮ್ಮ ಲೋಡಿಗೆ ಹೇಗೋ ಎರಡು ಗಂಟೆ ಎಳೆಯಬಹುದು. ಬ್ಯಾಟರಿ ಹಳತಾದಂತೆ ಅದರ ಶಕ್ತಿ ಕುಗ್ಗುತ್ತದೆ. ಎರಡನೇ ಮಳೆಗಾಲದ ಹೊತ್ತಿಗೆ ಮೂರನೇ ಪಿರಿಯಡ್‌ನ ಮಕ್ಕಳು ಮತ್ತೆ ಬೋರ್ಡ್ ನೋಡಬೇಕಾಗುತ್ತದೆ. 150 ಎಎಚ್ ತಗೊಂಡರೆ ಆ ಕುಗ್ಗುವಿಕೆಗೆ ಸ್ವಲ್ಪ ಜಾಗ ಉಳಿಯುತ್ತದೆ. ವಾರಂಟಿಯೂ ನಾವು ಕೇಳಿದ್ದಕ್ಕಿಂತ 12 ತಿಂಗಳು ಕಡಿಮೆ.

"150 ಎಎಚ್‌ಗೆ ದರ ತಿದ್ದಿ ಕೊಡಿ ಎಂದು ಅವರಿಗೆ ಹೇಳಬಹುದಲ್ಲ" ಎಂದು ಒಬ್ಬ ಸದಸ್ಯರು ಕವರ್ ತೆರೆದ ದಿನ ಕೇಳಿದರು. ಎಲ್ಲರ ದರವೂ ಬಯಲಾದ ಮೇಲೆ ಒಬ್ಬರಿಗೆ ಮಾತ್ರ ತಿದ್ದಲು ಬಿಡುವುದು ಉಳಿದಿಬ್ಬರಿಗೆ ಅನ್ಯಾಯ. ಹಾಗೆ ಮಾಡುವುದಾದರೆ ಮೂವರನ್ನೂ ಹೊಸದಾಗಿ ಕೇಳಬೇಕು. ಅಷ್ಟರಲ್ಲಿ ಜೂನ್ ಬಂದಿರುತ್ತದೆ.

ಉಳಿದ ಇಬ್ಬರಲ್ಲಿ

ಇಬ್ಬರೂ ಕೇಳಿದ್ದನ್ನೇ ಕೊಟ್ಟಿದ್ದಾರೆ. ಬಿಲ್ ಮಾತ್ರ ನೋಡಿದರೆ ಶಿವಮೊಗ್ಗದವರದು 1,416 ರೂಪಾಯಿ ಕಡಿಮೆ. ಹಳೆಯ ಬ್ಯಾಟರಿ ಲೆಕ್ಕ ಹಿಡಿದರೆ ಸಾಗರದವರದು 984 ರೂಪಾಯಿ ಕಡಿಮೆ. ಹಾಗಾಗಿ ಆ ಹಳೆಯ ಬ್ಯಾಟರಿಯ ಮಾತು ಎಷ್ಟು ಗಟ್ಟಿ ಎಂದು ನೋಡಬೇಕು. ಸಾಗರದವರು ಇಲ್ಲಿಗೇ ಬಂದು, ಉಬ್ಬಿದ್ದನ್ನೂ ಸೇರಿಸಿ ನಾಲ್ಕನ್ನೂ ತೂಕ ಹಾಕಿ ದರ ಬರೆದಿದ್ದಾರೆ. ಶಿವಮೊಗ್ಗದವರು ಫೋಟೋ ನೋಡಿ ಬರೆದು, "ಸ್ಥಿತಿ ನೋಡಿ ಬದಲಾಗಬಹುದು" ಎಂಬ ಸಾಲು ಸೇರಿಸಿದ್ದಾರೆ. ಅವರ 10,000 ಇನ್ನೂ ಕೆಳಗೆ ಇಳಿಯಬಹುದು.

ಶಿವಮೊಗ್ಗದವರ ವಾರಂಟಿ ಒಟ್ಟು 60 ತಿಂಗಳು ಎಂದು ಉದ್ದ ಕಾಣುತ್ತದೆ. ಅದರಲ್ಲಿ ಕೊನೆಯ 24 ತಿಂಗಳು ಹೊಸ ಬ್ಯಾಟರಿಗೆ ಸ್ವಲ್ಪ ರಿಯಾಯಿತಿ ಅಷ್ಟೇ. ಪೂರ್ತಿ ಬದಲಿ ಸಿಗುವ ಅವಧಿ ಸಾಗರದವರದೇ ಜಾಸ್ತಿ. ಅಂಗಡಿ ಇಲ್ಲಿಂದ 18 ಕಿ.ಮೀ. ಮುಂಗಡವೂ ಬೇಡ.

ಒಂದು ವಿಷಯ ಸಮಿತಿಗೆ ಮೊದಲೇ ತಿಳಿದಿರಲಿ. ಸಾಗರದ ಅಂಗಡಿಯ ಮಾಲೀಕರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಈ ಖರೀದಿಗೆ ಹಣ ಕೊಟ್ಟ ಬ್ಯಾಚ್‌ನವರಲ್ಲ. ಸಮಿತಿಯ ಯಾರಿಗೂ ಸಂಬಂಧಿಕರಲ್ಲ ಎಂದು ಎಲ್ಲ ಸದಸ್ಯರೂ ಬರೆದುಕೊಟ್ಟಿದ್ದಾರೆ. ನಾನೂ ಕೊಟ್ಟಿದ್ದೇನೆ.

ಹಣ

ಹಳೆಯ ವಿದ್ಯಾರ್ಥಿಗಳ ದೇಣಿಗೆ 1,00,000 ರೂಪಾಯಿ ಶಾಲೆಯ ಖಾತೆಯಲ್ಲಿದೆ. 97,576 ಕೊಟ್ಟರೆ 2,424 ಉಳಿಯುತ್ತದೆ. ಅದನ್ನು ಅರ್ಥಿಂಗ್ ಪರೀಕ್ಷೆಗೆ ಇಡೋಣ. ನಮ್ಮ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಯಾರೂ ನೀರು ಹಾಕಿಲ್ಲ. ಬಿಲ್ಲಿನಲ್ಲಿ 1,09,976 ಖರೀದಿ ಎಂದೂ, 12,400 ಹಳೆಯ ಬ್ಯಾಟರಿ ಮಾರಾಟ ಎಂದೂ ಬೇರೆ ಬೇರೆ ಬರಬೇಕು. ಬರೀ 97,576 ಎಂದು ಬರೆಸಿದರೆ ಮುಂದೆ ಆಡಿಟ್‌ನಲ್ಲಿ ಹಳೆಯ ಬ್ಯಾಟರಿ ಎಲ್ಲಿ ಹೋಯಿತು ಎಂಬ ಪ್ರಶ್ನೆ ಬರುತ್ತದೆ.

ಶಿಫಾರಸು

ಕೇಳಿದ ಗುಣಮಟ್ಟಕ್ಕೆ ಹೊಂದುವವರಲ್ಲಿ ಸಾಗರದವರ ದರವೇ ಕಡಿಮೆ. ಅವರಿಗೇ ಆರ್ಡರ್ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಆರ್ಡರ್ ಪತ್ರದಲ್ಲಿ ಈ ಮಾತುಗಳಿರಲಿ. ಬ್ಯಾಟರಿ ತಯಾರಾಗಿ ಮೂರು ತಿಂಗಳು ದಾಟಿರಬಾರದು. ವಾರಂಟಿ ಕಾರ್ಡ್ ಶಾಲೆಯ ಹೆಸರಿಗೆ, ಬ್ಯಾಟರಿ ನಂಬರ್ ಸಮೇತ ಕೊಡಬೇಕು. ಹಳೆಯ ಬ್ಯಾಟರಿಯಲ್ಲಿ ಸೀಸ ಮತ್ತು ಆಸಿಡ್ ಇರುವುದರಿಂದ ಅದನ್ನು ಗುಜರಿಗೆ ಸುಮ್ನೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಮರುಬಳಕೆಗೆ ಕಳಿಸುವುದಾಗಿ ರಸೀದಿಯಲ್ಲಿ ಬರೆದುಕೊಡಬೇಕು.

ಜೋಡಿಸಿದ ಮೇಲೆ ಮೇನ್ ಆಫ್ ಮಾಡಿ, ಹತ್ತು ಕಂಪ್ಯೂಟರ್ ಮತ್ತು ಪ್ರೊಜೆಕ್ಟರ್ ಹಾಕಿ, ಎರಡು ಗಂಟೆ ಓಡಿಸಿ ನೋಡೋಣ. ಒಬ್ಬರಾದರೂ ಸದಸ್ಯರು ಪೂರ್ತಿ ಹೊತ್ತು ಕೂತಿರಬೇಕು. ಅದು ಸರಿಯಾದರೆ ಮಾತ್ರ ಚೆಕ್.

ಮಂಜೂರಾತಿಗೆ ಠರಾವಿನ ಕರಡು

"ಕಂಪ್ಯೂಟರ್ ಕೊಠಡಿಗೆ 3.5 ಕೆವಿಎ ಯುಪಿಎಸ್ ಮತ್ತು 150 ಎಎಚ್‌ನ ನಾಲ್ಕು ಬ್ಯಾಟರಿಗಳನ್ನು ಸಾಗರದ ಅಂಗಡಿಯಿಂದ ಒಟ್ಟು ರೂ. 1,09,976ಕ್ಕೆ ಖರೀದಿಸಲು, ಹಳೆಯ ನಾಲ್ಕು ಬ್ಯಾಟರಿಗಳನ್ನು ಅವರಿಗೇ ರೂ. 12,400ಕ್ಕೆ ಕೊಟ್ಟು ದಾಸ್ತಾನು ಪುಸ್ತಕದಿಂದ ಕಡಿಮೆ ಮಾಡಲು, ಉಳಿದ ರೂ. 97,576ನ್ನು ಎರಡು ಗಂಟೆಯ ಪರೀಕ್ಷೆಯ ನಂತರ ದೇಣಿಗೆ ಖಾತೆಯಿಂದ ಪಾವತಿಸಲು ಸಮಿತಿ ಒಪ್ಪಿದೆ. ಮೇ 26ರ ಒಳಗೆ ಜೋಡಣೆ ಮುಗಿಯಬೇಕು."

ಸಹಿ: ಕಾರ್ಯದರ್ಶಿ, ಖರೀದಿ ಸಮಿತಿ