ಸೈಕಲ್ ಬೆಲೆ ಬಗ್ಗೆ ನನ್ನ ಲೆಕ್ಕ

ನಮಸ್ಕಾರ ಮೇಡಮ್,

ನಿನ್ನೆ ಸಂಜೆ ನಿಮ್ಮ ಮಗನ ಗೇರ್ ಸೈಕಲ್ ನೋಡಿಕೊಂಡು ಹೋದವನು ನಾನು. ಯೋಚಿಸಿ ಹೇಳ್ತೀನಿ ಅಂದಿದ್ದೆ. ಅಷ್ಟು ಹೊತ್ತು ಓಡಿಸಿ ನೋಡಲು ಬಿಟ್ಟಿರಿ, ನಾನು ಟೇಪ್ ಹಿಡಿದು ಅಳೆಯುತ್ತ ಕೂತರೂ ಬೇಜಾರು ಮಾಡಿಕೊಳ್ಳಲಿಲ್ಲ. ಅದಕ್ಕೆ ಥ್ಯಾಂಕ್ಸ್.

ಸೈಕಲ್ ನನಗೆ ಇಷ್ಟವಾಗಿದೆ. ಫ್ರೇಮ್ ಗಟ್ಟಿಯಾಗಿದೆ, ಎಲ್ಲೂ ಬಿರುಕಿಲ್ಲ. ಅಳತೆಯೂ ನನಗೆ ಸರಿಹೊಂದುತ್ತದೆ. ಬಣ್ಣ ಅಲ್ಲಲ್ಲಿ ಕೆರೆದು ಹೋಗಿರುವುದಕ್ಕೆ ನಾನು ಒಂದು ಪೈಸೆಯನ್ನೂ ಕಡಿಮೆ ಕೇಳುವುದಿಲ್ಲ. ನಾಲ್ಕು ವರ್ಷ ಓಡಿದ ಸೈಕಲ್ ಅಂದ ಮೇಲೆ ಅಷ್ಟು ಇರಲೇಬೇಕು ಅಲ್ವಾ?

ನನ್ನ ತಕರಾರು ಇರುವುದು ಚೈನ್ ಬಗ್ಗೆ. ಚೈನ್‌ನಲ್ಲಿ ಒಂದು ಪಿನ್‌ನಿಂದ ಶುರು ಮಾಡಿ 24 ಕೊಂಡಿ ಎಣಿಸಿದರೆ ಸರಿಯಾಗಿ 12 ಇಂಚು ಬರಬೇಕು. ನಿನ್ನೆ ನಿಮ್ಮೆದುರೇ ಅಳೆದಾಗ ಅದಕ್ಕಿಂತ ಸುಮಾರು 3 ಮಿಲಿಮೀಟರ್ ಜಾಸ್ತಿ ಬಂತು. ನೋಡಲು ಚಿಕ್ಕದು, ಆದರೆ ಒಂದೂವರೆ ಮಿಲಿಮೀಟರ್ ಜಾಸ್ತಿ ಆದಾಗಲೇ ಚೈನ್ ಬದಲಿಸಬೇಕಿತ್ತು. ಸವೆದ ಚೈನ್ ಹಿಂದಿನ ಗೇರ್ ಹಲ್ಲುಗಳನ್ನೂ ಸವೆಸಿಬಿಡುತ್ತದೆ. ಏರು ಹತ್ತುವಾಗ ಪೆಡಲ್ ಒತ್ತಿದೆ ನೋಡಿ, ಎರಡು ಸಲ ಕಟ್ ಅಂತ ಜಾರಿತು. ಅದು ಇದರಿಂದಲೇ. ಈಗ ಚೈನ್ ಮಾತ್ರ ಹೊಸದು ಹಾಕಿದರೆ ಹಳೆ ಹಲ್ಲಿನ ಮೇಲೆ ಅದು ಕೂರುವುದಿಲ್ಲ, ಇನ್ನೂ ಜಾಸ್ತಿ ಜಾರುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು. ಹಿಂದಿನ ಟೈರ್‌ನ ಪಕ್ಕದಲ್ಲಿ ಉದ್ದಕ್ಕೂ ಸೀಳು ಬಿಟ್ಟಿದೆ, ಅದನ್ನೂ ನಂಬಿ ಓಡಿಸುವ ಹಾಗಿಲ್ಲ.

ಇವತ್ತು ಬೆಳಿಗ್ಗೆ ರಿಪೇರಿಯವರ ಹತ್ತಿರ ವಿಚಾರಿಸಿದೆ. ಚೈನ್ 700, ಹಿಂದಿನ ಗೇರ್ ಸೆಟ್ 1,300, ಟೈರ್ 800, ಕೂಲಿ 400. ಒಟ್ಟು 3,200. ಬ್ರೇಕ್ ಪ್ಯಾಡ್ ಕೂಡ ಮುಗಿದಿದೆ, ಆದರೆ ಅದು ಹೇಗೂ ಸವೆಯುವ ವಸ್ತು, ಅದನ್ನು ನಾನೇ ಹಾಕಿಸಿಕೊಳ್ಳುತ್ತೇನೆ.

ನೀವು ಮೊದಲು 14 ಸಾವಿರ ಹೇಳಿ, ಕೊನೆಗೆ 13ಕ್ಕೆ ಬಂದಿರಿ. 13ರಲ್ಲಿ 3,200 ಕಳೆದರೆ 9,800 ಆಗುತ್ತದೆ. ನಾನು 10 ಸಾವಿರ ಕೊಡುತ್ತೇನೆ. ಸುಮ್ನೆ ಕಡಿಮೆ ಹೇಳಿ ಆಮೇಲೆ ಸ್ವಲ್ಪ ಸ್ವಲ್ಪ ಏರಿಸುವ ಲೆಕ್ಕ ಇದಲ್ಲ. ಹಾಗಾಗಿ ಇಬ್ಬರೂ ಮಧ್ಯಕ್ಕೆ ಬಂದು ಹನ್ನೊಂದೂವರೆ ಮಾಡೋಣ ಅಂದರೂ ನನಗೆ ಆಗುವುದಿಲ್ಲ.

ಇಲ್ಲವೇ ಇನ್ನೊಂದು ದಾರಿ ಇದೆ. ಚೈನ್, ಗೇರ್ ಸೆಟ್, ಟೈರ್ ಮೂರನ್ನೂ ನೀವೇ ಹೊಸದು ಹಾಕಿಸಿ, ಬಿಲ್ ತೋರಿಸಿ. ಆಗ ಚೌಕಾಸಿ ಮಾಡದೆ 13 ಸಾವಿರ ಕೊಟ್ಟು ತೆಗೆದುಕೊಂಡು ಹೋಗುತ್ತೇನೆ. ಯಾವುದು ಅನುಕೂಲವೋ ನೀವೇ ನೋಡಿ.

ಇನ್ನೊಬ್ಬರು 12,500ಕ್ಕೆ ಕೇಳಿದ್ದಾರೆ ಅಂದಿರಿ. ಅವರು ದುಡ್ಡು ಹಿಡಿದು ಬರುವುದು ಖಂಡಿತ ಅಂತಿದ್ದರೆ ಅವರಿಗೇ ಕೊಡಿ, ನನಗೇನೂ ಬೇಸರವಿಲ್ಲ. ಚೈನ್ ಜಾರುವ ವಿಷಯ ಮಾತ್ರ ಅವರಿಗೂ ಮೊದಲೇ ಹೇಳಿಬಿಡಿ, ಆಮೇಲೆ ಮಾತು ಬರುವುದು ಬೇಡ.

ಅಡ್ವಾನ್ಸ್ 2 ಸಾವಿರ ಹಾಕಿ ಅಂದಿದ್ದಿರಿ. ಅದು ಬೇಡ ಮೇಡಮ್. ಸೈಕಲ್ ಕೈಗೆ ಬಂದ ತಕ್ಷಣ ನಿಮ್ಮೆದುರೇ ಪೂರ್ತಿ ದುಡ್ಡು ಕೊಡುತ್ತೇನೆ. ಒಪ್ಪಿಗೆಯಾದರೆ ಭಾನುವಾರ ಬೆಳಿಗ್ಗೆ 10 ಗಂಟೆಗೆ ಬರುತ್ತೇನೆ. ಕೊಂಡಾಗಿನ ಬಿಲ್ ಹುಡುಕಿಡಿ. ಪೆಡಲ್ ಹತ್ತಿರ ಫ್ರೇಮ್ ಅಡಿಯಲ್ಲಿ ಕೊರೆದಿರುವ ನಂಬರ್ ಬಿಲ್‌ನಲ್ಲಿದ್ದರೆ ಹೊಂದಿಸಿ ನೋಡೋಣ. ಬೀಗದ ಎರಡನೇ ಕೀ ಸಿಕ್ಕರೆ ಅದೂ ಬೇಕು.

ಮಗ ಮೊದಲ ಸಂಬಳದಲ್ಲಿ ತಗೊಂಡ ಸೈಕಲ್ ಅಂತ ನೀವು ಹೇಳಿದ್ದು ನೆನಪಿದೆ. ಮೂಲೆಯಲ್ಲಿ ನಿಲ್ಲಿಸಲು ಕೇಳುತ್ತಿಲ್ಲ, ದಿನಾ ಕೆಲಸಕ್ಕೆ ಅದರಲ್ಲೇ ಹೋಗುವವನು ನಾನು. ಹ್ಯಾಂಡಲ್ ಕೆಳಗೆ ಅವರು ಅಂಟಿಸಿರುವ ನಕ್ಷತ್ರದ ಸ್ಟಿಕ್ಕರ್ ಹಾಗೇ ಇರಲಿ, ಕೀಳುವುದಿಲ್ಲ.

ಶನಿವಾರ ರಾತ್ರಿಯೊಳಗೆ ಹೌದು ಅಥವಾ ಇಲ್ಲ ಅಂತ ಒಂದು ಮೆಸೇಜ್ ಹಾಕಿ. ಇನ್ನೊಂದು ಸೈಕಲ್ ನೋಡಿಟ್ಟಿದ್ದೇನೆ, ನೀವು ಇಲ್ಲ ಅಂದರೆ ಅವರಿಗೆ ಹೇಳಬೇಕು.